ಮಣ್ಣನ್ನು ತಡೆಯುವ ಗೋಡೆಗೆ ಮೂರು ಪರೀಕ್ಷೆಗಳು

ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಯ ಸುತ್ತಮುತ್ತಲಿನದು ಎರೆಯ ಸೀಮೆ. ಇಂತಹ ಊರುಗಳಲ್ಲಿ ಮನೆಯ ಹಿತ್ತಲು ಹಳ್ಳದ ಕಡೆಗೆ ಇಳಿಜಾರಾಗಿದ್ದರೆ, ನೆಲವನ್ನು ಸಮಮಾಡುವುದಕ್ಕಾಗಿ ಕೆಳಗಿನ ಅಂಚಿನಲ್ಲಿ ಒಂದು ಕಲ್ಲಿನ ಗೋಡೆಯನ್ನು ಕಟ್ಟಿ ಅದರ ಹಿಂದೆ ಮಣ್ಣನ್ನು ತುಂಬುವುದುಂಟು. ಈ ಗೋಡೆಯು ಛಾವಣಿಯನ್ನು ಹೊರುವುದಿಲ್ಲ; ಹಿಂದಿನ ಮಣ್ಣು ಮುಂದಕ್ಕೆ ಜಾರದಂತೆ ತಡೆದು ನಿಲ್ಲುವುದೇ ಅದರ ಕೆಲಸ. ಕಬ್ಬಿಣದ ಸರಳುಗಳ ಸಹಾಯವಿಲ್ಲದೆ ತನ್ನ ತೂಕವೊಂದರಿಂದಲೇ ನಿಲ್ಲುವ ಇಂತಹ ಗೋಡೆಯನ್ನು ತೂಕದ ತಡೆಗೋಡೆ ಎನ್ನಬಹುದು.

ಇಂತಹ ಗೋಡೆಗಳು ಅನೇಕ ವರ್ಷ ನೆಟ್ಟಗೆ ನಿಂತಿದ್ದು, ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಮುಂದಕ್ಕೆ ವಾಲುತ್ತವೆ. ಕಲ್ಲು ಅದೇ, ಗಾರೆ ಅದೇ, ತೂಕವೂ ಅದೇ. ಹಾಗಾದರೆ ಬದಲಾದುದೇನು? ಕಾಲೇಜಿನ ಮೊದಲ ವರ್ಷದಲ್ಲಿ ನಾವು ಕಲಿಯುವ ಬಲ, ಘರ್ಷಣೆ ಮತ್ತು ಭ್ರಾಮಕಗಳ ನಿಯಮಗಳಿಂದಲೇ ಈ ಪ್ರಶ್ನೆಯನ್ನು ಬಿಡಿಸಬಹುದು. ಅದಕ್ಕಾಗಿ ಒಂದು ಗೋಡೆಯನ್ನು ಕಲ್ಪಿಸಿಕೊಂಡು ಅದನ್ನು ಮೂರು ಪರೀಕ್ಷೆಗಳಿಗೆ ಒಡ್ಡೋಣ.

೧. ಮಣ್ಣು ಏಕೆ ನೂಕುತ್ತದೆ?

ಗೋಕಾಕದ ಜಲಪಾತದಲ್ಲಿ ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಅಲ್ಲಿನ ಮರಳುಗಲ್ಲಿನ ಬಂಡೆಯು ಯಾವ ಗೋಡೆಯ ಆಸರೆಯೂ ಇಲ್ಲದೆ ಕಡಿದಾಗಿ ನಿಂತಿದೆ. ಬಂಡೆಯ ಕಣಗಳು ಒಂದಕ್ಕೊಂದು ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ಆದರೆ ಕಣದಲ್ಲಿ ಸುರಿದ ಜೋಳದ ರಾಶಿ ಹಾಗೆ ನಿಲ್ಲಲಾರದು. ಅದು ಒಂದು ನಿರ್ದಿಷ್ಟ ಇಳಿಜಾರನ್ನು ತಾಳಿ ಸುಮ್ಮನಾಗುತ್ತದೆ. ಕಾಳುಗಳ ನಡುವಣ ಘರ್ಷಣೆಯು ಅಷ್ಟು ಇಳಿಜಾರನ್ನು ಮಾತ್ರ ಹಿಡಿದಿಡಬಲ್ಲದು. ಸಡಿಲವಾದ ಒಣ ಗರಸು ಕೂಡ ಇದೇ ಜಾತಿಯದು. ಅದರ ಘರ್ಷಣ ಕೋನವನ್ನು ನಾವು 30° ಎಂದು ಇಟ್ಟುಕೊಳ್ಳೋಣ.

ಈಗ 3 ಮೀಟರ್ ಎತ್ತರದ ಗೋಡೆಯ ಹಿಂದೆ ಇಂತಹ ಗರಸನ್ನು ತುಂಬಿ ಮೇಲ್ಭಾಗವನ್ನು ಸಮತಟ್ಟು ಮಾಡಿದ್ದೇವೆ ಎನ್ನಿ. ಗೋಡೆಯು ಕೂದಲೆಳೆಯಷ್ಟು ಮುಂದಕ್ಕೆ ಸರಿದರೆ, ಅದರ ಬೆನ್ನಿಗೆ ಅಂಟಿದಂತಿರುವ ಮಣ್ಣಿನ ಒಂದು ತ್ರಿಕೋನಾಕಾರದ ಬೆಣೆಯು, ಹಿಂದಿನ ಮಣ್ಣಿನಿಂದ ಬೇರ್ಪಟ್ಟು, ಓರೆಯಾದ ಸಮತಲವೊಂದರ ಮೇಲೆ ಕೆಳಕ್ಕೆ ಜಾರಲೆತ್ನಿಸುತ್ತದೆ. ಈ ಬೆಣೆಯನ್ನು ತಡೆಯುವುದಕ್ಕೆ ಬೇಕಾಗುವ ಬಲವೇ ಗೋಡೆಯ ಮೇಲಿನ ನೂಕುಬಲ.

ಹೀಗೆ ಯೋಚಿಸಿ ಲೆಕ್ಕ ಮಾಡಿದವರಲ್ಲಿ ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದ ಕೂಲಂಬನೂ ಒಬ್ಬನು. ಅವನು ಫ್ರೆಂಚ್ ಸೈನ್ಯದ ಎಂಜಿನಿಯರನಾಗಿದ್ದನು. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸುವ ಕೆಲಸದಲ್ಲಿ ಕೆಲವು ವರ್ಷಗಳನ್ನು ಕಳೆದು ಬಂದ ಮೇಲೆ, 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಈ ಬೆಣೆಯ ಲೆಕ್ಕವನ್ನು ಒಪ್ಪಿಸಿದನು.

ಆ ಓರೆಯ ಸಮತಲವು ಎಷ್ಟು ಕಡಿದಾಗಿರುತ್ತದೆ? ಕೂಲಂಬನ ಉಪಾಯ ಸರಳವಾದುದು: ಬೇರೆ ಬೇರೆ ಸಮತಲಗಳನ್ನು ಪರೀಕ್ಷಿಸಿ, ಯಾವುದು ಅತಿ ಹೆಚ್ಚು ನೂಕುವುದೋ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಗರಸಿನ ತೂಕ ಘನಮೀಟರಿಗೆ 18 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ತೂಕ, ಒಂದು ಕ್ವಿಂಟಲ್ ಚೀಲದಷ್ಟು.) ಗೋಡೆಯ ಉದ್ದದಲ್ಲಿ ಒಂದು ಮೀಟರನ್ನು ಮಾತ್ರ ಗಮನಿಸೋಣ. ಸಮತಲವು ನೆಲದೊಡನೆ 60° ಕೋನ ಮಾಡಿದರೆ, ಬೆಣೆಯ ಮೇಲಿನ ಅಗಲ 1.73 ಮೀಟರ್, ತೂಕ ಸುಮಾರು 46.8 ಕಿಲೋನ್ಯೂಟನ್. ಘರ್ಷಣೆಯೇ ಇಲ್ಲದಿದ್ದರೆ ಸಮತಲದ ಪ್ರತಿಬಲವು ಲಂಬರೇಖೆಯಿಂದ 60° ಓರೆಯಾಗಿರುತ್ತಿತ್ತು. ಘರ್ಷಣೆಯು ಅದನ್ನು 30° ಹಿಂದಕ್ಕೆ ತರುವುದರಿಂದ ಉಳಿಯುವ ಓರೆ 30° ಮಾತ್ರ. ಬಲಗಳ ತ್ರಿಕೋನವನ್ನು ಬರೆದರೆ, ಗೋಡೆ ಕೊಡಬೇಕಾದ ಸಮತಲಬಲವು 46.8 × tan 30°, ಅಂದರೆ 27 ಕಿಲೋನ್ಯೂಟನ್ ಎಂದು ತಿಳಿಯುತ್ತದೆ. ಇದೇ ಲೆಕ್ಕವನ್ನು 50°ಗೆ ಮಾಡಿದರೆ 24.7, 70°ಗೆ ಮಾಡಿದರೂ 24.7 ಬರುತ್ತದೆ. ಮಂದವಾದ ಸಮತಲದಲ್ಲಿ ಬೆಣೆ ಭಾರವಾದರೂ ಅದನ್ನು ಘರ್ಷಣೆ ಹೆಚ್ಚು ಹಿಡಿಯುತ್ತದೆ. ಕಡಿದಾದುದರಲ್ಲಿ ಹಿಡಿತ ಕಡಮೆಯಾದರೂ ಬೆಣೆಯೇ ಸಣ್ಣದು. ಆದುದರಿಂದ ನಡುವಿನ 60° ಅತ್ಯಂತ ಅಪಾಯದ ಸಮತಲ. ನೂಕುಬಲ 27 ಕಿಲೋನ್ಯೂಟನ್.

ಈ ಬಲವು ಗೋಡೆಯ ಬೆನ್ನಿನ ಮೇಲೆಲ್ಲ ಒಂದೇ ಸಮನಾಗಿ ಹರಡಿರುವುದಿಲ್ಲ. ಬಾವಿಯ ನೀರಿನಂತೆ ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ: ಮೇಲ್ತುದಿಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 18 ಕಿಲೋನ್ಯೂಟನ್. ಒತ್ತಡದ ಚಿತ್ರವು ತ್ರಿಕೋನವಾದುದರಿಂದ ಒಟ್ಟು ಬಲವು ತಳದಿಂದ ಎತ್ತರದ ಮೂರನೆಯ ಒಂದು ಪಾಲಿನಲ್ಲಿ, ಅಂದರೆ 1 ಮೀಟರ್ ಮೇಲೆ, ವರ್ತಿಸುವುದೆಂದು ತಿಳಿಯಬೇಕು.

೨. ಗೋಡೆಯ ಉತ್ತರ

ನಮ್ಮ ಗೋಡೆಯ ಮೇಲಿನ ಅಗಲ 0.5 ಮೀಟರ್, ತಳದ ಅಗಲ 1.5 ಮೀಟರ್. ಮಣ್ಣಿನ ಕಡೆಯ ಮುಖ ನೆಟ್ಟಗಿದೆ. ನಾವು ನೋಡುವ ಮುಂದಿನ ಮುಖ ಓರೆಯಾಗಿದೆ. ತಳದ ಮುಂದಿನ ಅಂಚನ್ನು ಮುಂಗಾಲೆಂದೂ ಹಿಂದಿನ ಅಂಚನ್ನು ಹಿಮ್ಮಡಿಯೆಂದೂ ಕರೆಯೋಣ. ಕಲ್ಲುಕಟ್ಟಡದ ತೂಕ ಘನಮೀಟರಿಗೆ 24 ಕಿಲೋನ್ಯೂಟನ್.

ಗೋಡೆಯ ಅಡ್ಡಕೊಯ್ತವನ್ನು ಒಂದು ಆಯತ, ಒಂದು ತ್ರಿಕೋನ ಎಂದು ವಿಭಾಗಿಸಿದರೆ ಎರಡರ ತೂಕವೂ 36 ಕಿಲೋನ್ಯೂಟನ್ ಆಗುತ್ತದೆ. ಒಟ್ಟು ತೂಕ 72. ಆಯತದ ಗುರುತ್ವಕೇಂದ್ರವು ಮುಂಗಾಲಿನಿಂದ 1.25 ಮೀಟರ್ ಹಿಂದೆ ಇದೆ; ತ್ರಿಕೋನದ್ದು 0.67 ಮೀಟರ್ ಹಿಂದೆ.

ಮೊದಲನೆಯ ಪರೀಕ್ಷೆ, ಜಾರುವಿಕೆ. ಗೋಡೆಯು ಗಟ್ಟಿ ಗರಸಿನ ಮೇಲೆ ಕುಳಿತಿದ್ದು ಘರ್ಷಣಾಂಕ 0.6 ಇದ್ದರೆ, ತಳದ ಘರ್ಷಣೆಯು ಹೆಚ್ಚೆಂದರೆ 0.6 × 72 = 43.2 ಕಿಲೋನ್ಯೂಟನ್ ತಡೆಯಬಲ್ಲದು. ನೂಕುವುದು 27. ಇವುಗಳ ಪ್ರಮಾಣ 1.6. ಎಂಜಿನಿಯರುಗಳು ಇಲ್ಲಿ ಕನಿಷ್ಠ 1.5 ಇರಬೇಕೆಂದು ಬಯಸುವರು, ಗೋಡೆ ತೇರ್ಗಡೆಯಾಯಿತು. ಮುಂಗಾಲಿನ ಮುಂದಿರುವ ಮಣ್ಣು ಕೂಡ ಸ್ವಲ್ಪ ತಡೆಯುತ್ತದೆಯಾದರೂ ಅದನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ನಾಳೆ ಯಾರಾದರೂ ಅಲ್ಲಿ ನಳದ ಕೊಳವೆಗಾಗಿ ಅಗೆದರೆ ಆ ಆಸರೆ ಮಾಯವಾಗುವುದು.

ಎರಡನೆಯ ಪರೀಕ್ಷೆ, ಉರುಳುವಿಕೆ. ಗೋಡೆ ಉರುಳುವುದಾದರೆ ಮುಂಗಾಲಿನ ಅಂಚಿನ ಸುತ್ತ ಉರುಳಬೇಕು. ಆದುದರಿಂದ ಆ ಅಂಚಿನ ಸುತ್ತ ಭ್ರಾಮಕಗಳನ್ನು ಎಣಿಸೋಣ. ಉರುಳಿಸುವ ಭ್ರಾಮಕ 27 × 1 = 27. ಹಿಡಿದಿಡುವ ಭ್ರಾಮಕ 36 × 1.25 ಮತ್ತು 36 × 0.67 ಇವುಗಳ ಮೊತ್ತ, ಅಂದರೆ 45 + 24 = 69. ಪ್ರಮಾಣ 2.56. ಇಲ್ಲಿ 2 ಇದ್ದರೆ ಸಾಕೆನ್ನುವುದು ವಾಡಿಕೆ. ಗೋಡೆ ಮತ್ತೆ ತೇರ್ಗಡೆಯಾಯಿತು.

ಅನೇಕರು ಇಲ್ಲಿಗೇ ಲೆಕ್ಕವನ್ನು ಮುಗಿಸಿಬಿಡುತ್ತಾರೆ. ಆದರೆ ಎರಡನೆಯ ಪರೀಕ್ಷೆಯಲ್ಲಿ ನಾವು ಸದ್ದಿಲ್ಲದೆ ಒಂದು ಊಹೆಯನ್ನು ಮಾಡಿದ್ದೇವೆ. ಮುಂಗಾಲಿನ ಕೆಳಗಿನ ನೆಲವು ಕಬ್ಬಿಣದಂತೆ ಗಟ್ಟಿಯಾಗಿದ್ದು ಗೋಡೆ ಅದರ ಮೇಲೆ ಬಾಗಿಲಿನ ತಿರುಗಣಿಯಂತೆ ತಿರುಗಬಲ್ಲದು ಎಂಬುದೇ ಆ ಊಹೆ. ನಿಜವಾದ ನೆಲ ಮಣ್ಣು. ಹೆಚ್ಚು ಒತ್ತಿದರೆ ಅದು ಕುಸಿಯುತ್ತದೆ. ಆದುದರಿಂದ ಮೂರನೆಯ ಪರೀಕ್ಷೆ ಬೇಕಾಗುತ್ತದೆ.

೩. ಮುಂಗಾಲಿನ ಕೆಳಗೆ

ನಾವು ನೆಟ್ಟಗೆ ನಿಂತಾಗ ಪಾದವೆಲ್ಲ ನೆಲವನ್ನು ಒಂದೇ ಸಮನೆ ಒತ್ತುತ್ತದೆ. ಹಿಂದಿನಿಂದ ಯಾರಾದರೂ ನೂಕಿದರೆ ಹಿಮ್ಮಡಿ ಹಗುರವಾಗಿ ಬೆರಳುಗಳ ಮೇಲೆ ಭಾರ ಬೀಳುತ್ತದೆ. ಗೋಡೆಗೂ ಹಾಗೆಯೇ. ಮಣ್ಣಿನ ನೂಕು ಮತ್ತು ಗೋಡೆಯ ತೂಕಗಳ ಫಲಿತಬಲವು ತಳವನ್ನು ಎಲ್ಲಿ ದಾಟುತ್ತದೆ ಎಂಬುದನ್ನು ಮೊದಲು ಕಂಡುಹಿಡಿಯಬೇಕು. ಉಳಿದ ಭ್ರಾಮಕ 69 − 27 = 42. ಇದನ್ನು ತೂಕ 72ರಿಂದ ಭಾಗಿಸಿದರೆ 0.583 ಮೀಟರ್. ತಳದ ನಡುಬಿಂದು ಮುಂಗಾಲಿನಿಂದ 0.75 ಮೀಟರ್ ದೂರದಲ್ಲಿದೆ. ಫಲಿತಬಲವು ಅದಕ್ಕಿಂತ 0.167 ಮೀಟರ್ ಮುಂದಕ್ಕೆ ಸರಿದಿದೆ.

ತಳವು 1.5 ಮೀಟರ್ ಅಗಲವಿರುವುದರಿಂದ ಸರಾಸರಿ ಒತ್ತಡ ಚದರ ಮೀಟರಿಗೆ 48 ಕಿಲೋನ್ಯೂಟನ್. ಒತ್ತಡವು ಹಿಮ್ಮಡಿಯಿಂದ ಮುಂಗಾಲಿಗೆ ಸರಳರೇಖೆಯಲ್ಲಿ ಏರುವುದೆಂದು ಭಾವಿಸಿದರೆ, ಮುಂಗಾಲಿನಲ್ಲಿ

48 × (1 + 6 × 0.167 ÷ 1.5) = 80

ಆಗುತ್ತದೆ, ಹಿಮ್ಮಡಿಯಲ್ಲಿ ಕೂಡಿಸುವ ಬದಲು ಕಳೆದರೆ 16. ಗಟ್ಟಿ ಗರಸು 80ನ್ನು ಸುಲಭವಾಗಿ ಹೊರುತ್ತದೆ. ಮೆತ್ತನೆಯ ಜೇಡಿಗೆ ಪ್ರಾಥಮಿಕ ಅಂದಾಜಿನಲ್ಲಿ ಸುಮಾರು 100, ತೀರ ಮೆತ್ತನೆಯದಕ್ಕೆ 50 ಎಂದು ಹಿಡಿಯುವರು.

ಫಲಿತಬಲವು ತಳದ ನಡುವಣ ಮೂರನೆಯ ಒಂದು ಪಾಲಿನ ಒಳಗೇ ಇರುವವರೆಗೆ, ಅಂದರೆ ನಮ್ಮ ಗೋಡೆಯಲ್ಲಿ ನಡುಬಿಂದುವಿನಿಂದ 0.25 ಮೀಟರ್ ಮೀರದಿರುವವರೆಗೆ, ತಳವೆಲ್ಲ ನೆಲಕ್ಕೆ ಒತ್ತಿಕೊಂಡಿರುತ್ತದೆ. ಅದನ್ನು ಮೀರಿದರೆ ಹಿಮ್ಮಡಿ ನೆಲವನ್ನು ಬಿಟ್ಟೇಳುತ್ತದೆ. ಮಣ್ಣು ಗೋಡೆಯನ್ನು ಕೆಳಕ್ಕೆ ಎಳೆದು ಹಿಡಿಯಲಾರದಷ್ಟೆ. ಆಗ ಮುಂದಿನ ಸಣ್ಣ ಪಟ್ಟಿಯೊಂದೇ ಎಲ್ಲ ಭಾರವನ್ನೂ ಹೊರಬೇಕಾಗುತ್ತದೆ.

ಇದರ ಪರಿಣಾಮವನ್ನು ನೋಡುವುದಕ್ಕೆ ಅದೇ ಗೋಡೆಯನ್ನು ತಿರುಗಿಸಿ ಕಟ್ಟೋಣ: ನೋಟಕ್ಕೆ ಚೆನ್ನಾಗಿರಲೆಂದು ಮುಂದಿನ ಮುಖವನ್ನು ನೆಟ್ಟಗೆ ಮಾಡಿ, ಓರೆಯನ್ನು ಮಣ್ಣಿನ ಕಡೆಗೆ ಇಟ್ಟಿದ್ದೇವೆ ಎನ್ನಿ. ಕಲ್ಲು ಅಷ್ಟೇ. ಆದರೆ ಈಗ ಓರೆಯ ಮೇಲೆ 27 ಕಿಲೋನ್ಯೂಟನ್ ಮಣ್ಣು ಕುಳಿತು ಗೋಡೆಗೆ ಜೊತೆಯಾಗುತ್ತದೆ. ಒಟ್ಟು ತೂಕ 99. ಜಾರುವಿಕೆಯ ಪ್ರಮಾಣ 1.6ರಿಂದ 2.2ಕ್ಕೆ ಏರಿತು. ಹಿಡಿದಿಡುವ ಭ್ರಾಮಕ 70.5 ಆಗಿ, ಉರುಳುವಿಕೆಯ ಪ್ರಮಾಣ 2.6 ಆಯಿತು. ಎರಡು ಪರೀಕ್ಷೆಗಳಲ್ಲಿಯೂ ಗೋಡೆ ಉತ್ತಮಗೊಂಡಂತೆ ಕಾಣುತ್ತದೆ. ಆದರೆ ಕಲ್ಲಿನ ಭಾರವೆಲ್ಲ ಮುಂಗಾಲಿನ ಕಡೆಗೆ ಬಂದುದರಿಂದ ಫಲಿತಬಲವು ಮುಂಗಾಲಿನಿಂದ 0.44 ಮೀಟರಿನಲ್ಲಿಯೇ ತಳವನ್ನು ದಾಟುತ್ತದೆ. ನಡುವಣ ಪಾಲಿನಿಂದ ಅದು ಹೊರಬಿದ್ದಿದೆ. ಹಿಮ್ಮಡಿ ಬಿಟ್ಟೇಳುತ್ತದೆ, ಮುಂಗಾಲಿನ ಒತ್ತಡ 80ರಿಂದ 150ಕ್ಕೆ ಜಿಗಿಯುತ್ತದೆ. ಗಟ್ಟಿ ನೆಲದ ಮೇಲೆ ಇದು ಸಹಿಸುವಂತಹುದು. ಮೆತ್ತನೆಯ ಜೇಡಿಯ ಮೇಲೆ ಅಲ್ಲ. ಮೊದಲ ಎರಡು ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದ ಗೋಡೆಯೇ ಮೂರನೆಯದರಲ್ಲಿ ಅನುತ್ತೀರ್ಣವಾಗಬಹುದೆಂಬುದನ್ನು ವಾಚಕರು ಗಮನಿಸಬೇಕು.

೪. ನೀರು ಸೇರಿದಾಗ

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಮಳೆ ಸುರಿದು, ಹಿಂದಿನ ಮಣ್ಣು ನೀರಿನಿಂದ ತುಂಬಿ, ಆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ ಎನ್ನಿ. ಆಗ ನಡೆಯುವುದು ಎರಡು ಕ್ರಿಯೆಗಳು. ಮಣ್ಣಿನ ಕಣಗಳು ನೀರಿನಲ್ಲಿ ಮುಳುಗಿ ಹಗುರವಾಗುವುದರಿಂದ ಮಣ್ಣಿನ ನೂಕು 27ರಿಂದ 15ಕ್ಕೆ ಇಳಿಯುತ್ತದೆ. ಆದರೆ ನೀರು ತಾನೇ ಗೋಡೆಯನ್ನು ನೂಕತೊಡಗುತ್ತದೆ. ನೀರಿಗೆ ಘರ್ಷಣ ಕೋನವಿಲ್ಲ. ಅದು ಕೆಳಕ್ಕೆ ಎಷ್ಟು ಒತ್ತುವುದೋ ಪಕ್ಕಕ್ಕೂ ಅಷ್ಟೇ ಒತ್ತುತ್ತದೆ. 3 ಮೀಟರ್ ನೀರಿನ ನೂಕು 45 ಕಿಲೋನ್ಯೂಟನ್. ಒಟ್ಟು 60, ಮೊದಲಿನ ಎರಡರಷ್ಟಕ್ಕಿಂತಲೂ ಹೆಚ್ಚು.

ನಮ್ಮ ಮೊದಲಿನ ಗೋಡೆಯನ್ನೇ, ಅಂದರೆ ಬೆನ್ನು ನೆಟ್ಟಗಿರುವುದನ್ನೇ, ಮತ್ತೆ ಪರೀಕ್ಷಿಸೋಣ. ಜಾರುವಿಕೆಯ ಪ್ರಮಾಣ 43.2 ÷ 60, ಅಂದರೆ 0.72. ಅದು ಒಂದಕ್ಕಿಂತ ಕಡಮೆಯಾದುದರಿಂದ ಗೋಡೆ ಜಾರಲೇಬೇಕು. ಉರುಳುವಿಕೆಯ ಪ್ರಮಾಣ 69 ÷ 60 = 1.15, ಕಾಗದದ ಮೇಲೆ ಗೋಡೆ ಇನ್ನೂ ಉರುಳಿಲ್ಲ. ಆದರೆ ಫಲಿತಬಲ ಮುಂಗಾಲಿನಿಂದ ಕೇವಲ 12.5 ಸೆಂಟಿಮೀಟರ್ ದೂರದಲ್ಲಿದೆ. ನೆಲವನ್ನು ಮುಟ್ಟಿರುವುದು ಮುಂದಿನ 37.5 ಸೆಂಟಿಮೀಟರ್ ಪಟ್ಟಿ ಮಾತ್ರ. ಮುಂಗಾಲಿನ ಒತ್ತಡ 384! ಒಣಗಿದ್ದಾಗಿನ ಸುಮಾರು ಐದರಷ್ಟು. ನೀರು ಕುಡಿದು ಮೆತ್ತಗಾದ ನೆಲ ಅದನ್ನು ಹೊರಲಾರದು; ಮುಂಗಾಲು ಹೂತು ಗೋಡೆ ವಾಲುತ್ತದೆ, ವಾಲಿದಷ್ಟೂ ಭಾರ ಇನ್ನಷ್ಟು ಮುಂದಕ್ಕೆ ಬರುತ್ತದೆ. ಈ ನೀರು ತಳದ ಕೆಳಗೂ ನುಸುಳಿದರೆ, ಗೋಡೆಯನ್ನು ಮೇಲಕ್ಕೆ ಎತ್ತುವ ಬಲವೂ ಸೇರಿ, ಹಿಡಿದಿಡುವ ಭ್ರಾಮಕವು ಉರುಳಿಸುವುದಕ್ಕಿಂತ ಕಡಮೆಯಾಗಿಬಿಡುತ್ತದೆ. ಮಳೆಗಾಲದಲ್ಲಿ ಬದಲಾದುದೇನೆಂಬುದಕ್ಕೆ ಇದೇ ಉತ್ತರ.

2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆಯು ಗೋಕಾಕವನ್ನೂ ದಂಡೆಯ ಹಳ್ಳಿಗಳನ್ನೂ ಹೊಕ್ಕಿತು. ತಡೆಗೋಡೆಯ ದೃಷ್ಟಿಯಿಂದ ನೋಡಿದರೆ ಇಂತಹ ನೆರೆಯಲ್ಲಿ ಅತ್ಯಂತ ಅಪಾಯದ ಗಳಿಗೆ ನೀರು ಏರುವಾಗಿನದಲ್ಲ, ಇಳಿಯುವಾಗಿನದು. ನೀರು ಗೋಡೆಯ ಎರಡು ಕಡೆಯೂ ಇರುವಾಗ ಒಂದರ ನೂಕನ್ನು ಇನ್ನೊಂದು ಸರಿದೂಗಿಸುತ್ತದೆ. ಮುಂದಿನ ನೀರು ಬೇಗನೆ ಇಳಿದು, ಹಿಂದಿನ ಮಣ್ಣು ಮಾತ್ರ ನೀರನ್ನು ಹಿಡಿದುಕೊಂಡಿದ್ದರೆ, ಮೇಲೆ ಲೆಕ್ಕ ಮಾಡಿದ ಸ್ಥಿತಿಯೇ ಒದಗುತ್ತದೆ.

೫. ಎರೆಯ ಸೀಮೆಯಲ್ಲಿ

ನಾವು ಇಲ್ಲಿಯವರೆಗೆ ಗರಸನ್ನು ತುಂಬಿದ್ದೇವೆಂದು ಭಾವಿಸಿದೆವು. ಅದು ಸಾಧಾರಣ ಊಹೆಯಲ್ಲ. ಸ್ಥಳದಲ್ಲಿ ಪುಕ್ಕಟೆಯಾಗಿ ದೊರೆಯುವುದು ಎರೆಮಣ್ಣು. ಆದರೆ ಎರೆಯು ನೀರನ್ನು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಉಬ್ಬುವ ಮಣ್ಣಿನ ನೂಕನ್ನು ಕೂಲಂಬನ ಬೆಣೆಯ ಲೆಕ್ಕ ತಿಳಿಸಲಾರದು. ಅದು ಇದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಮೇಲಾಗಿ ಅದು ನೀರನ್ನು ಬೇಗ ಬಿಟ್ಟುಕೊಡುವುದೂ ಇಲ್ಲ. ಆದುದರಿಂದ ಗೋಡೆಯ ಹಿಂದೆ ಕನಿಷ್ಠಪಕ್ಷ ಆ 60° ಬೆಣೆಯಷ್ಟು ಜಾಗವನ್ನು, ನಮ್ಮ ಗೋಡೆಗೆ ಮೇಲ್ಭಾಗದಲ್ಲಿ ಸುಮಾರು 1.75 ಮೀಟರ್ ಅಗಲವನ್ನು, ಗರಸಿನಿಂದಲೇ ತುಂಬಬೇಕು. ಬೆನ್ನಿಗೆ ಒಂದು ಪದರು ಖಡಿಯನ್ನು ನಿಲ್ಲಿಸಿ, ಗೋಡೆಯಲ್ಲಿ ಒಂದೂವರೆ-ಎರಡು ಮೀಟರಿಗೊಂದರಂತೆ ಹೊರಕ್ಕೆ ಇಳಿಜಾರಾದ ನೀರುಗಂಡಿಗಳನ್ನು ಬಿಡಬೇಕು.

ತಳದ ವಿಷಯವೂ ಹೀಗೆಯೇ. ಒದ್ದೆಯಾದ ಜೇಡಿಯ ಮೇಲೆ ಘರ್ಷಣಾಂಕ 0.3ರ ಸುಮಾರಿಗೆ ಇಳಿಯಬಹುದು. ಆಗ ತಳದ ತಡೆ 21.6 ಮಾತ್ರ, ಹಿಂದೆ ಒಂದು ಹನಿ ನೀರು ನಿಲ್ಲದಿದ್ದರೂ 27ರ ನೂಕಿಗೆ ಗೋಡೆ ಜಾರುತ್ತದೆ. ಎರೆಯನ್ನು ತೋಡಿ ತೆಗೆದು, ಗಟ್ಟಿ ನೆಲ ಸಿಕ್ಕಿದ ಮೇಲೆಯೇ ಪಾಯ ಹಾಕಬೇಕೆಂದು ಅನುಭವಿಗಳಾದ ಗೌಂಡಿಗಳು ಹಟ ಹಿಡಿಯುವುದರ ಅರ್ಥ ಇದೇ.

ನಿಂತಿರುವ ಗೋಡೆಯೊಂದರ ಆರೋಗ್ಯವನ್ನು ತಿಳಿಯುವುದು ಹೇಗೆ? ಜೋರು ಮಳೆಯ ಮರುದಿನ ಹೋಗಿ ನೀರುಗಂಡಿಗಳನ್ನು ನೋಡಿರಿ. ಅವು ಒಣಗಿದ್ದು ಕಲ್ಲಿನ ಸಂದುಗಳು ಮಾತ್ರ ಜಿನುಗುತ್ತಿದ್ದರೆ, ಗಂಡಿಗಳು ಹೂತುಹೋಗಿವೆ ಎಂದು ತಿಳಿಯಬೇಕು. ಹಿಂದಿನ ನೆಲದಲ್ಲಿ ಗೋಡೆಗೆ ಸಮಾನಾಂತರವಾಗಿ, ಗೋಡೆಯ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿ ಉದ್ದನೆಯ ಬಿರುಕು ಕಂಡರೆ, ಅದು ಬೆಣೆಯು ಸರಿಯತೊಡಗಿದ ಗುರುತಾಗಿರಬಹುದು. ಎರೆಯು ಒಣಗಿ ಬಿಡುವ ಬಿರುಕುಗಳು ಹೀಗೆ ಒಂದೇ ಗೆರೆಯಲ್ಲಿರದೆ ಬಲೆಯಂತೆ ಹರಡಿರುತ್ತವೆ. ಕೊನೆಯದಾಗಿ, ಮೇಲ್ತುದಿಯಿಂದ ತೂಕದ ಗುಂಡೊಂದನ್ನು ಇಳಿಬಿಟ್ಟು ಮುಖದ ಓರೆಯನ್ನು ಅಳೆದು ಬರೆದಿಡಿರಿ. ಮುಂದಿನ ಮಳೆಗಾಲ ಕಳೆದ ಮೇಲೆ ಅಳತೆ ಬದಲಾಗಿದ್ದು, ಮುಂಗಾಲಿನ ಮುಂದಿನ ನೆಲವೂ ಉಬ್ಬಿದ್ದರೆ, ಮೂರನೆಯ ಪರೀಕ್ಷೆಯಲ್ಲಿ ಗೋಡೆ ಸೋಲುತ್ತಿದೆ ಎಂದರ್ಥ. ಆಗ ಗೋಡೆಯ ಹತ್ತಿರ ಯಾರೂ ಕುಳಿತುಕೊಳ್ಳದಂತೆ ನೋಡಿಕೊಂಡು, ಬಲ್ಲ ಎಂಜಿನಿಯರನ್ನು ಕರೆಸಬೇಕು. ಮೇಲೆ ಗಾರೆ ಬಳಿದು ಬಿರುಕನ್ನು ಮುಚ್ಚುವುದರಿಂದ ಮುಂಗಾಲಿನ ಒತ್ತಡ ಕಡಮೆಯಾಗುವುದಿಲ್ಲ.

ನಮ್ಮ ಲೆಕ್ಕಕ್ಕೂ ಮಿತಿಗಳುಂಟು. ಹಿಂದಿನ ನೆಲ ಸಮತಟ್ಟಾಗಿದೆ, ಅದರ ಮೇಲೆ ಮನೆಯಾಗಲಿ ಕಬ್ಬಿನ ಟ್ರಾಕ್ಟರಾಗಲಿ ನಿಂತಿಲ್ಲ, ಭೂಕಂಪವಿಲ್ಲ ಎಂದು ಭಾವಿಸಿದ್ದೇವೆ. ಗೋಡೆಯ ಬೆನ್ನಿಗೂ ಮಣ್ಣಿಗೂ ನಡುವಣ ಘರ್ಷಣೆಯನ್ನು ಬಿಟ್ಟಿದ್ದೇವೆ. ಇದು ಸಾಮಾನ್ಯವಾಗಿ ಕ್ಷೇಮದ ಕಡೆಗೇ ಇರುವ ತಪ್ಪು.

ಅಭ್ಯಾಸ: ನಮ್ಮ ಮೊದಲಿನ ಗೋಡೆಯ ಹಿಂದೆ ನೀರು ಅರ್ಧ ಎತ್ತರಕ್ಕೆ, ಅಂದರೆ 1.5 ಮೀಟರಿಗೆ ಮಾತ್ರ ನಿಂತಿದೆ. ಮೂರು ಪರೀಕ್ಷೆಗಳನ್ನೂ ಮಾಡಿರಿ. ನೀರಿನಲ್ಲಿ ಮುಳುಗಿದ ಗರಸಿನ ತೂಕವನ್ನೂ ನೀರಿನ ತೂಕವನ್ನೂ ಘನಮೀಟರಿಗೆ 10 ಕಿಲೋನ್ಯೂಟನ್ ಎಂದು ಹಿಡಿಯಿರಿ. ತಳದ ಕೆಳಗೆ ನೀರಿಲ್ಲ.

ಉತ್ತರ: ಒಟ್ಟು ನೂಕು 35.25 ಕಿಲೋನ್ಯೂಟನ್, ಜಾರುವಿಕೆಯ ಪ್ರಮಾಣ 1.23, ಉರುಳುವಿಕೆಯ ಪ್ರಮಾಣ 2.2, ಮುಂಗಾಲಿನ ಒತ್ತಡ ಚದರ ಮೀಟರಿಗೆ 91 ಕಿಲೋನ್ಯೂಟನ್. ಮೂರರಲ್ಲಿ ಯಾವ ಪರೀಕ್ಷೆಯಲ್ಲಿ ಗೋಡೆ ಮೊದಲು ಸೋತಿತೆಂಬುದನ್ನು ನೀವೇ ನೋಡಿಕೊಳ್ಳಬಹುದು.